ಹಳೇ ಟೀವಿಯಲ್ಲಿ ಆ್ಯಪ್ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತಾ? ಅನ್‌ಇನ್‌ಸ್ಟಾಲ್‌ಗೆ ಮೊದಲು ಇದನ್ನು ನೋಡಿ

ಟೀವಿಯಲ್ಲಿ ಸಿನಿಮಾ ಆ್ಯಪ್ ಒತ್ತುತ್ತೀರಿ, ಲೋಗೋ ಬರುತ್ತೆ, ಎರಡು ಸೆಕೆಂಡಿಗೆ ಮತ್ತೆ ಹೋಮ್ ಸ್ಕ್ರೀನ್. ಐದಾರು ವರ್ಷ ಹಳೆಯ ಆಂಡ್ರಾಯ್ಡ್ ಟೀವಿ ಇರೋ ಮನೆಗಳಲ್ಲಿ ಇದು ಮಾಮೂಲು. ಯಾರನ್ನೇ ಕೇಳಿ, ಉತ್ತರ ಎರಡೇ: ‘ಕ್ಯಾಶ್ ಕ್ಲಿಯರ್ ಮಾಡು’, ಇಲ್ಲಾಂದ್ರೆ ‘ತೆಗೆದು ಮತ್ತೆ ಹಾಕು’. ಮೊದಲನೆಯದು ಸಾಮಾನ್ಯವಾಗಿ ಸಾಲೋದಿಲ್ಲ, ಎರಡನೆಯದು ಹಳೇ ಟೀವಿಯಲ್ಲಿ ಅಪಾಯ. ಇವೆರಡರ ಮಧ್ಯೆ ಇರುವ ಮೂರನೇ ಬಟನ್ನನ್ನು ಮಾತ್ರ ಯಾರೂ ಹೇಳಲ್ಲ.

ಆ್ಯಪ್ ಟೀವಿಯೊಳಗೆ ಎರಡು ಥರದ ಸಾಮಾನು ಇಟ್ಟುಕೊಳ್ಳುತ್ತೆ. ಒಂದು ಕ್ಯಾಶ್: ಪೋಸ್ಟರ್ ಚಿತ್ರಗಳಂಥ ತಾತ್ಕಾಲಿಕ ಫೈಲ್‌ಗಳು. ಅಳಿಸಿದರೆ ನಷ್ಟವಿಲ್ಲ, ಮತ್ತೆ ಇಳಿದುಕೊಳ್ಳುತ್ತವೆ. ಇನ್ನೊಂದು ಡೇಟಾ: ನಿಮ್ಮ ಲಾಗಿನ್, ಸೆಟ್ಟಿಂಗ್, ಆ್ಯಪ್‌ನ ಸಣ್ಣ ಡೇಟಾಬೇಸ್. ತೆರೆದ ಕೂಡಲೇ ಆ್ಯಪ್ ಓದುವುದು ಈ ಡೇಟಾವನ್ನು. ಅಪ್‌ಡೇಟ್ ಆಗುವಾಗ ಕರೆಂಟ್ ಹೋದರೆ, ಜಾಗ ಸಾಲದೆ ಬರೆಯುವುದು ಅರ್ಧಕ್ಕೆ ನಿಂತರೆ, ಕೆಡುವುದು ಇದೇ. ಆಗ ಕ್ಯಾಶ್ ಎಷ್ಟು ಸಲ ಅಳಿಸಿದರೂ ಆ್ಯಪ್ ಅದೇ ಕೆಟ್ಟ ಫೈಲನ್ನು ಓದಿ ಅಲ್ಲೇ ಬೀಳುತ್ತೆ.

ಊರಲ್ಲಿ ಅಪ್ಪನ ಮನೆಯ ಟೀವಿಯಲ್ಲಿ ಕಳೆದ ತಿಂಗಳು ಆಗಿದ್ದೂ ಹೀಗೇ. ‘ಏನಮ್ಮಾ, ಧಾರಾವಾಹಿ ಹಾಕಿದ್ರೆ ಬರುತ್ತೆ, ಹೋಗ್ಬಿಡುತ್ತೆ’ ಅಂದರು. ವಿಡಿಯೊ ಕಾಲ್‌ನಲ್ಲೇ ರಿಪೇರಿಗೆ ಕೂತೆವು. ಮೊದಲು ಟೀವಿಯ ಪ್ಲಗ್ ಕಿತ್ತು ಒಂದು ನಿಮಿಷ ಬಿಡಿ ಅಂದೆ. ರಿಮೋಟ್‌ನಲ್ಲಿ ಆಫ್ ಮಾಡಿದರೆ ಟೀವಿ ಮಲಗುತ್ತೆ ಅಷ್ಟೆ, ಮೆಮೊರಿ ಖಾಲಿಯಾಗಲ್ಲ. ಫಲ ಸಿಗಲಿಲ್ಲ. ಆಮೇಲೆ Settings ಒಳಗೆ Storage ನೋಡಿದೆವು. 8 ಜಿಬಿ ಟೀವಿ, ಅದರಲ್ಲಿ ದೊಡ್ಡ ಪಾಲು ಸಿಸ್ಟಮ್‌ಗೇ ಹೋಗಿತ್ತು. ಉಳಿದದ್ದು 200 ಎಂಬಿ ಚಿಲ್ಲರೆ. ಮೊಮ್ಮಕ್ಕಳು ರಜೆಯಲ್ಲಿ ಹಾಕಿಹೋಗಿದ್ದ ಎರಡು ಗೇಮ್ ತೆಗೆಸಿದೆ. ಒಂದು ಜಿಬಿಗಿಂತ ಸ್ವಲ್ಪ ಹೆಚ್ಚು ಖಾಲಿಯಾಯಿತು.

ಈಗ Settings, Apps, ಆ ಆ್ಯಪ್‌ನ ಹೆಸರು. ಮೊದಲು Force stop, ಆಮೇಲೆ Clear cache. ತೆರೆದರೆ ಮತ್ತೆ ಅದೇ ಕಥೆ. ಅಪ್ಪ ಆಗಲೇ ‘ಅನ್‌ಇನ್‌ಸ್ಟಾಲ್ ಒತ್ಲಾ?’ ಅಂತ ಬೆರಳಿಟ್ಟಿದ್ದರು. ‘ಬೇಡಪ್ಪಾ, Clear data ಒತ್ತಿ’ ಅಂದೆ. ಆ್ಯಪ್ ಹೊಸದಾಗಿ ಹಾಕಿದಂತೆ ತೆರೆದುಕೊಂಡು ಲಾಗಿನ್ ಕೇಳಿತು. ಪರದೆ ಮೇಲೆ ಬಂದ ಕೋಡನ್ನು ನಾನು ಇಲ್ಲಿಂದ ಫೋನಿನಲ್ಲಿ ಹಾಕಿದೆ, ಧಾರಾವಾಹಿ ಶುರುವಾಯಿತು. ಎಲ್ಲಿಗೆ ನಿಲ್ಲಿಸಿದ್ದರೋ ಅಲ್ಲಿಂದಲೇ. ನೋಡಿದ್ದರ ಲೆಕ್ಕ ಇರುವುದು ಕಂಪನಿಯ ಸರ್ವರ್‌ನಲ್ಲಿ, ಟೀವಿಯಲ್ಲಲ್ಲ.

ಅನ್‌ಇನ್‌ಸ್ಟಾಲ್ ಯಾಕೆ ಬೇಡ ಅಂದೆ? ಅದೂ ಡೇಟಾ ಅಳಿಸುತ್ತೆ, ಜೊತೆಗೆ ಆ್ಯಪನ್ನೂ ತೆಗೆಯುತ್ತೆ. ಈ ನಡುವೆ ಆ ಆ್ಯಪ್ ನಿಮ್ಮ ಟೀವಿಯ ಹಳೇ ಆಂಡ್ರಾಯ್ಡ್‌ಗೆ ಬೆಂಬಲ ನಿಲ್ಲಿಸಿದ್ದರೆ ಪ್ಲೇ ಸ್ಟೋರ್ ಅದನ್ನು ಮತ್ತೆ ಕೊಡದಿರಬಹುದು. ಕುಂಟುತ್ತಿದ್ದ ಆ್ಯಪ್ ಕೂಡ ಕೈತಪ್ಪಿತು ಅಂತಾಯಿತು. ಹಾಗಾಗಿ ತೆಗೆಯುವ ಮುಂಚೆ ಟೀವಿಯ ಪ್ಲೇ ಸ್ಟೋರ್‌ನಲ್ಲೇ ಆ್ಯಪ್ ಹುಡುಕಿ, ಪುಟ ತೆರೆದುಕೊಂಡು Open ಅಥವಾ Update ಕಾಣುತ್ತಾ ನೋಡಿ. Update ಇದ್ದರೆ ಮೊದಲು ಅದನ್ನೇ ಮಾಡಿ. ತೊಂದರೆ ಆ್ಯಪ್‌ನದ್ದೇ ಆಗಿದ್ದರೆ ಅಲ್ಲೇ ಸರಿಹೋಗಬಹುದು. ಹುಡುಕಿದರೂ ಸಿಗದಿದ್ದರೆ, ಹೊಂದಿಕೆಯಾಗಲ್ಲ ಅನ್ನೋ ಸಂದೇಶ ಬಂದರೆ, ಅನ್‌ಇನ್‌ಸ್ಟಾಲ್ ಮುಟ್ಟಲೇಬೇಡಿ.

ಟೀವಿ ಜೊತೆಗೇ ಬಂದ ಆ್ಯಪ್ ಆದರೆ ಸಾಮಾನ್ಯವಾಗಿ Uninstall ಬದಲು Uninstall updates ಇರುತ್ತೆ. ಅದು ಕಾರ್ಖಾನೆಯಿಂದ ಬಂದ ಹಳೇ ಆವೃತ್ತಿಗೆ ಮರಳಿಸುತ್ತೆ. ಅಲ್ಲಿಂದ ಪುನಃ ಅಪ್‌ಡೇಟ್ ಮಾಡಿಕೊಳ್ಳಬೇಕು.

ಹಾಗಂತ ಕ್ಯಾಶ್ ಅಳಿಸುವುದು ಪೂರ್ತಿ ದಂಡ ಅಂತಲ್ಲ. ಆ್ಯಪ್ ತೆರೆದು, ಪೋಸ್ಟರ್‌ಗಳು ಬರುವಾಗ ಬೀಳುತ್ತಿದ್ದರೆ ಅದೇ ಸಾಕಾಗಬಹುದು. ಆದರೆ ವಾರದೊಳಗೆ ಮತ್ತೆ ಬಿದ್ದರೆ ಮೂಲ ಕಾರಣ ಜಾಗದ ಅಥವಾ ಮೆಮೊರಿಯ ಕೊರತೆ ಅಂತಲೇ ನನ್ನ ಲೆಕ್ಕ. ಬಳಸದ ಆ್ಯಪ್‌ಗಳನ್ನು ತೆಗೆಯೋದೇ ಅದಕ್ಕೆ ಮದ್ದು.

Clear data ಮಾಡಿ, ಜಾಗ ಬಿಡಿಸಿ, ಅಪ್‌ಡೇಟೂ ಮಾಡಿದ ಮೇಲೂ ಲೋಗೋದಲ್ಲೇ ಬೀಳುತ್ತಿದೆ, ಬೇರೆ ಆ್ಯಪ್‌ಗಳು ಚೆನ್ನಾಗಿವೆ ಅಂದರೆ ಹೊಸ ಆವೃತ್ತಿ ಆ ಟೀವಿಗೆ ಭಾರವಾಗಿದೆ ಅಂತಲೇ ಅಂದುಕೊಳ್ಳಿ. ಆಗಲೂ ಪರದೆ ಚೆನ್ನಾಗಿದ್ದರೆ ಹೊಸ ಟೀವಿ ಬೇಡ. ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸುವ ಸ್ಟ್ರೀಮಿಂಗ್ ಸ್ಟಿಕ್ ಸಾಕು. ಅದಕ್ಕೆ ಟೀವಿಯ ಯುಎಸ್‌ಬಿಯಿಂದ ಕರೆಂಟ್ ಕೊಡಬೇಡಿ, ಹಳೇ ಟೀವಿಗಳಲ್ಲಿ ಸಾಲದೆ ಸ್ಟಿಕ್ ತಾನಾಗಿ ರೀಸ್ಟಾರ್ಟ್ ಆಗುತ್ತಿರುತ್ತೆ. ಡಬ್ಬಿಯಲ್ಲಿ ಬಂದ ಅಡಾಪ್ಟರನ್ನೇ ಗೋಡೆಯ ಸಾಕೆಟ್‌ಗೆ ಹಾಕಿ.