ರಾತ್ರಿ ಲಿವರ್ ಬಡಿಸುವ ಒಂದು ತಟ್ಟೆ ಅನ್ನ

“ಡಾಕ್ಟ್ರೇ, ರಾತ್ರಿ ಒಂದು ಲೋಟ ಮಜ್ಜಿಗೆ ಕುಡಿದು ಮಲಗಿದ್ದೀನಿ. ಒಂದು ಅಗುಳು ಅನ್ನ ಮುಟ್ಟಿಲ್ಲ. ಬೆಳಿಗ್ಗೆ ನೋಡಿದ್ರೆ 168! ಈ ಮಿಷನ್ನೇ ಕೆಟ್ಟಿರಬೇಕು.”

ಹೀಗೆ ದೂರು ತಂದವರು ನಿವೃತ್ತ ಮೇಷ್ಟ್ರೊಬ್ಬರ ಹೆಂಡತಿ. ಮೇಷ್ಟ್ರು ಪಕ್ಕದ ಕುರ್ಚಿಯಲ್ಲೇ ಕೂತಿದ್ದರು. ಅವರ ಕೈಯಲ್ಲೊಂದು ಹಳೆಯ ಡೈರಿ. ಎರಡು ವರ್ಷದಿಂದ ಪ್ರತಿ ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಬೆರಳು ಚುಚ್ಚಿ, ಕೆಂಪು ಶಾಯಿಯಲ್ಲಿ ಬರೆದಿಟ್ಟ ಅಂಕಿಗಳು: 104, 98, 110, 106. “ನಂದು ಪಾಸು, ಇವಳದ್ದೇ ಫೇಲು” ಅಂತ ನಕ್ಕರು. ಇಬ್ಬರಿಗೂ ಟೈಪ್ 2 ಮಧುಮೇಹ, ಇಬ್ಬರಿಗೂ ಒಂದೇ ಅಡುಗೆಮನೆಯ ಊಟ.

ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿದೆವು. ಅಮ್ಮನವರದು ಶೇಕಡಾ 8.1 ಬಂತು, ಅದು ನಿರೀಕ್ಷಿಸಿದ್ದೇ. ಮೇಷ್ಟ್ರದು 7.4. ಅಂದರೆ ಹಗಲು ರಾತ್ರಿ ಸೇರಿಸಿದರೆ ಅವರ ರಕ್ತದ ಸಕ್ಕರೆ ಸರಾಸರಿ 165ರ ಹತ್ತಿರ. ಡೈರಿಯಲ್ಲಿ ಒಂದೇ ಒಂದು ಕಡೆಯೂ 120 ದಾಟಿಲ್ಲ. ಹಾಗಾದರೆ ಉಳಿದದ್ದು ಎಲ್ಲಿ ಅಡಗಿತ್ತು?

ಉತ್ತರ ಸಿಗಬೇಕಾದರೆ ಒಂದು ಸಣ್ಣ ಲೆಕ್ಕ ಬೇಕು. ದೊಡ್ಡವರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತವಿರುತ್ತದೆ. ಸಕ್ಕರೆ 100 ಇದೆ ಎಂದರೆ 100 ಮಿಲಿಲೀಟರಿಗೆ 100 ಮಿಲಿಗ್ರಾಂ ಎಂದರ್ಥ. ಇಡೀ ರಕ್ತಕ್ಕೆ ಲೆಕ್ಕ ಹಾಕಿದರೆ ಐದೇ ಗ್ರಾಂ, ಒಂದು ಟೀ ಚಮಚ. ಒಂದು ತಟ್ಟೆ ಅನ್ನ ಸುಮಾರು 200 ಗ್ರಾಂ ತೂಗುತ್ತದೆ, ಅದರಲ್ಲಿ 55 ಗ್ರಾಂನಷ್ಟು ಪಿಷ್ಟ. ಅಂದರೆ ಒಂದು ಚಮಚ ಇರುವ ಜಾಗಕ್ಕೆ ಹನ್ನೊಂದು ಚಮಚ ಬಂದು ಸುರಿಯುತ್ತದೆ. ಆದರೂ ಆರೋಗ್ಯವಂತರಲ್ಲಿ ಊಟವಾದ ಎರಡು ಗಂಟೆಗೆ ಸಕ್ಕರೆ 140ರ ಒಳಗೇ ಇರುತ್ತದೆ. ಬಂದ ಬಂದ ಹಾಗೆ ಇನ್ಸುಲಿನ್ ಅದನ್ನು ಸ್ನಾಯುಗಳಿಗೆ, ಲಿವರಿಗೆ ಸಾಗಿಸುತ್ತಿರುತ್ತದೆ.

ಇನ್ನೊಂದು ತಟ್ಟೆ ನಮ್ಮ ಕಣ್ಣಿಗೆ ಬೀಳುವುದಿಲ್ಲ. ನಾವು ಮಲಗಿದರೂ ಮಿದುಳು ಮಲಗುವುದಿಲ್ಲ, ಅದಕ್ಕೆ ಗಂಟೆಗೆ ಐದು ಗ್ರಾಂ ಗ್ಲೂಕೋಸ್ ಬೇಕು. ರಕ್ತದಲ್ಲಿರುವುದೇ ಐದು ಗ್ರಾಂ. ಹಾಗಾಗಿ ರಾತ್ರಿಯಿಡೀ ಲಿವರ್ ಉಗ್ರಾಣದ ಬಾಗಿಲು ತೆಗೆದು ಅಳತೆಯಾಗಿ ಗ್ಲೂಕೋಸ್ ಬಿಡುತ್ತಿರುತ್ತದೆ. ಕೂಡಿಟ್ಟದ್ದು ಕಡಿಮೆಯಾದರೆ ಪ್ರೋಟೀನಿನ ಚೂರುಗಳಿಂದ ಹೊಸದಾಗಿಯೂ ತಯಾರಿಸುತ್ತದೆ. 60 ಕಿಲೋ ತೂಕದವರಲ್ಲಿ ಇದು ಗಂಟೆಗೆ ಸುಮಾರು ಏಳು ಗ್ರಾಂ. ಎಂಟು ಗಂಟೆ ನಿದ್ದೆಗೆ ಐವತ್ತಾರು ಗ್ರಾಂ. ಅದೇ ಒಂದು ತಟ್ಟೆ ಅನ್ನ!

ಈ ಉಗ್ರಾಣಕ್ಕೆ ಕಾವಲುಗಾರ ಇನ್ಸುಲಿನ್. “ಸಾಕು, ನಿಲ್ಲಿಸು” ಎಂದು ಅದು ಹೇಳಿದರೆ ಲಿವರ್ ಕೇಳಬೇಕು. ಟೈಪ್ 2 ಮಧುಮೇಹದಲ್ಲಿ ಲಿವರ್ ಆ ಮಾತಿಗೆ ಕಿವುಡಾಗುತ್ತದೆ, ಬೇಡದಿದ್ದರೂ ಬಡಿಸುತ್ತಲೇ ಇರುತ್ತದೆ. ಸಾಲದ್ದಕ್ಕೆ ಬೆಳಗಿನ ಜಾವ ಮೂರು ನಾಲ್ಕರ ಹೊತ್ತಿಗೆ ಕಾರ್ಟಿಸಾಲ್, ಬೆಳವಣಿಗೆಯ ಹಾರ್ಮೋನುಗಳು ಮೈಯನ್ನು ಎಬ್ಬಿಸಲು ಸಜ್ಜಾಗುತ್ತವೆ. ಅವು ಇನ್ಸುಲಿನ್‌ನ ಮಾತನ್ನು ಇನ್ನಷ್ಟು ತಗ್ಗಿಸುತ್ತವೆ. ಕೆಲವರಲ್ಲಿ ಆರು ಗಂಟೆಗೆ 140 ಇದ್ದದ್ದು, ಏನೂ ತಿನ್ನದೆಯೇ ಲ್ಯಾಬಿನ ಸಾಲಿನಲ್ಲಿ ಒಂಬತ್ತರ ತನಕ ಕಾಯುವಷ್ಟರಲ್ಲಿ 160 ಆಗುವುದು ಹೀಗೆ.

ಅಮ್ಮನವರ ಮಿಷನ್ ಕೆಟ್ಟಿರಲಿಲ್ಲ. ಬರಿಹೊಟ್ಟೆಯ ಸಕ್ಕರೆ ರಾತ್ರಿಯ ಊಟದ ಲೆಕ್ಕವನ್ನು ಅಷ್ಟಾಗಿ ಹೇಳುವುದಿಲ್ಲ. ಮೇಷ್ಟ್ರಿಗೂ ಅಮ್ಮನವರಿಗೂ ತಿಳಿಯದೇ ಇದ್ದದ್ದು ಇದೇ. ಅದು ಮುಖ್ಯವಾಗಿ ಲಿವರಿನ ರಾತ್ರಿಪಾಳಿಯ ವರದಿ. ಊಟ ಬಿಟ್ಟು ಮಲಗಿದರೆ ಲಿವರ್ ಕೆಲಸ ಬಿಡುವುದಿಲ್ಲ. ಮೇಲಾಗಿ ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್ ಥರದ ಮಾತ್ರೆ ನುಂಗುವವರು ಊಟ ತಪ್ಪಿಸಿದರೆ ನಡುರಾತ್ರಿ ಸಕ್ಕರೆ 70ರ ಕೆಳಗೆ ಕುಸಿದು ಬೆವರಿ ನಡುಗುವ ಅಪಾಯವಿದೆ. ಅಮ್ಮನವರು ಅಂಥ ಮಾತ್ರೆ ತೆಗೆದುಕೊಳ್ಳುತ್ತಿರಲಿಲ್ಲ, ಪುಣ್ಯ.

ಇನ್ನು ಮೇಷ್ಟ್ರು. ಅವರು ಬರೀ ಡೈರಿ ನಂಬಿದವರಲ್ಲ, ವರ್ಷಕ್ಕೊಮ್ಮೆ ಲ್ಯಾಬಿನಲ್ಲಿ ಊಟದ ನಂತರದ ರಕ್ತವನ್ನೂ ಕೊಟ್ಟಿದ್ದರು. ಅದು 148 ಬಂದಿತ್ತು. ಏನು ತಿಂದು ಹೋಗಿದ್ರಿ ಎಂದು ಕೇಳಿದೆ. “ಟೆಸ್ಟ್ ಇತ್ತಲ್ಲ, ಅದಕ್ಕೇ ಲ್ಯಾಬಿನ ಪಕ್ಕದ ಹೋಟ್ಲಲ್ಲಿ ಎರಡೇ ಇಡ್ಲಿ.” ಮನೆಯಲ್ಲಿ ಮಧ್ಯಾಹ್ನ? “ಒಂದು ಮುದ್ದೆ, ಸಾರು, ಆಮೇಲೆ ಒಂದೆರಡು ಸಲ ಅನ್ನ, ಕೊನೇಲಿ ಮಜ್ಜಿಗೆ.” ನಲವತ್ತು ವರ್ಷ ಮಕ್ಕಳನ್ನು ಪರೀಕ್ಷೆಗೆ ಕೂರಿಸಿದವರು ತಮ್ಮ ಪರೀಕ್ಷೆಗೆ ಮಾತ್ರ ಸುಲಭದ ಪ್ರಶ್ನೆಪತ್ರಿಕೆ ತಯಾರಿಸಿಕೊಂಡಿದ್ದರು.

ನಾಳೆ ಎಂದಿನಂತೆ ಊಟ ಮಾಡಿ, ಮೊದಲ ತುತ್ತು ಬಾಯಿಗಿಟ್ಟ ಹೊತ್ತು ಬರೆದುಕೊಂಡು, ಅಲ್ಲಿಂದ ಸರಿಯಾಗಿ ಎರಡು ಗಂಟೆಗೆ ಬೆರಳು ಚುಚ್ಚಿ ಎಂದೆ. ಕೈ ತೊಳೆದ ಹೊತ್ತಿನಿಂದ ಎಣಿಸುವವರೇ ಹೆಚ್ಚು, ಅದು ತಪ್ಪು. ಒಂದು ವಾರದ ಅಂಕಿ ತಂದರು. ಬರಿಹೊಟ್ಟೆಗೆ 104, ಮಧ್ಯಾಹ್ನದ ಊಟಕ್ಕೆ ಮೊದಲು 108, ಊಟದ ನಂತರ 232. ಬೇರೆ ದಿನಗಳಲ್ಲೂ ಇದೇ ಥರ. ಅಮ್ಮನವರದು ಬರಿಹೊಟ್ಟೆಗೆ 168, ತಿಂಡಿಯಾದ ಎರಡು ಗಂಟೆಗೆ 196.

ಇಲ್ಲಿ ಅಂಕಿಗಿಂತ ಅಂತರ ನೋಡಬೇಕು. ಅಮ್ಮನವರ ಏರಿಕೆ 28 ಮಾತ್ರ. ತಿಂಡಿ ಹೆಚ್ಚೇನೂ ಕೆಡಿಸಿಲ್ಲ, ಮನೆಯ ಜಗಲಿಯೇ ಎತ್ತರ, ಅದರ ಮೇಲೆ ಏನಿಟ್ಟರೂ ಎತ್ತರವೇ. ಮೇಷ್ಟ್ರ ಜಗಲಿ ಸರಿಯಿದೆ, ಆದರೆ ಊಟದ ಏರಿಕೆ 124. ಊಟ ಶುರುವಾದ ಕೆಲವೇ ನಿಮಿಷಗಳಲ್ಲಿ ಮೇದೋಜೀರಕ ಗ್ರಂಥಿ ಥಟ್ಟನೆ ಸುರಿಸುವ ಮೊದಲ ಕಂತಿನ ಇನ್ಸುಲಿನ್ ಇದೆಯಲ್ಲ, ಮಧುಮೇಹದಲ್ಲಿ ಮೊದಲು ಕೈಕೊಡುವುದು ಅದೇ. ಎರಡನೆಯ ಕಂತು ತಡವಾಗಿ, ನಿಧಾನವಾಗಿ ಬರುತ್ತದೆ. ಹಗಲು ಹೊತ್ತಿನಲ್ಲಿ ಅದು ಹಿಂದೆ ಬೀಳುತ್ತದೆ. ರಾತ್ರಿಯ ಊಟವಾದ ಮೇಲೆ ಅದಕ್ಕೆ ಒಂಬತ್ತು ಹತ್ತು ಗಂಟೆ ಬಿಡುವು ಸಿಗುತ್ತದೆ, ಬೆಳಗಾಗುವಷ್ಟರಲ್ಲಿ ಎಲ್ಲ ಗುಡಿಸಿ ಚೊಕ್ಕ ಮಾಡಿರುತ್ತದೆ. ಮೇಷ್ಟ್ರು ಪ್ರತಿ ಸೋಮವಾರ ನೋಡುತ್ತಿದ್ದದ್ದು ಗುಡಿಸಿದ ಮೇಲಿನ ಅಂಗಳವನ್ನು.

2003ರಲ್ಲಿ ಫ್ರಾನ್ಸಿನ ಮಾಂಪೆಲಿಯೆ ನಗರದ ಲೂಯಿ ಮೊನಿಯೆ ಮತ್ತು ಸಂಗಡಿಗರು ಟೈಪ್ 2 ಮಧುಮೇಹವಿದ್ದ 290 ಜನರ ಹಗಲಿನ ಸಕ್ಕರೆಯನ್ನು ಹೀಗೇ ಬಿಡಿಸಿ ನೋಡಿದ್ದರು. ಎಚ್‌ಬಿಎ1ಸಿ 7.3ಕ್ಕಿಂತ ಕಡಿಮೆ ಇದ್ದವರಲ್ಲಿ ಹೆಚ್ಚುವರಿ ಸಕ್ಕರೆಯ ಸುಮಾರು ಶೇಕಡಾ 70 ಊಟದ ನಂತರದ ಏರಿಕೆಯಿಂದ ಬರುತ್ತಿತ್ತು. 10.2ಕ್ಕಿಂತ ಮೇಲಿದ್ದವರಲ್ಲಿ ಲೆಕ್ಕ ತಿರುಗುಮುರುಗು, ಶೇಕಡಾ 70ರಷ್ಟು ಎತ್ತರದ ಜಗಲಿಯದೇ ಪಾಲು. ಸಕ್ಕರೆ ಬಹಳ ಏರಿರುವವರಿಗೆ ವೈದ್ಯರು ಮೊದಲು ಬರಿಹೊಟ್ಟೆಯದನ್ನು ಇಳಿಸಲು ನೋಡುವುದು, ಗುರಿ ಹತ್ತಿರ ಬಂದು ನಿಂತುಬಿಟ್ಟವರಿಗೆ ಊಟದ ನಂತರದ್ದನ್ನು ಹುಡುಕುವುದು ಇದಕ್ಕೇ. ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿ ಊಟಕ್ಕೆ ಮೊದಲು 80ರಿಂದ 130, ಊಟದ ನಂತರ 180ರ ಒಳಗೆ. ತೀರಾ ವಯಸ್ಸಾದವರಿಗೆ ಇದನ್ನು ಸಡಿಲಿಸುತ್ತೇವೆ, ಗರ್ಭಿಣಿಯರಿಗೆ ಬಿಗಿ ಮಾಡುತ್ತೇವೆ.

ಇಬ್ಬರಿಗೂ ಒಂದೇ ಚೀಟಿ ಬರೆಯುವಂತಿರಲಿಲ್ಲ. ಅಮ್ಮನವರಿಗೆ ಮೊದಲು ಎರಡು ದಿನ ಬೆಳಗಿನ ಜಾವ ಮೂರಕ್ಕೆ ಎದ್ದು ಸಕ್ಕರೆ ನೋಡಲು ಹೇಳಿದೆ, ರಾತ್ರಿ ಇಳಿದು ಹೋಗುತ್ತಿಲ್ಲ ಎಂದು ಖಾತ್ರಿಯಾಗಬೇಕಿತ್ತು. 150ರ ಆಸುಪಾಸು ಬಂತು. ಆಮೇಲೆ ಮೆಟ್‌ಫಾರ್ಮಿನ್ ಪ್ರಮಾಣ ಏರಿಸಿ, ರಾತ್ರಿ ಊಟದ ಜೊತೆಗೆ ಕೊಟ್ಟೆ. ಲಿವರಿನ ಕೈ ಹಿಡಿಯುವ ಮಾತ್ರೆ ಅದು. ಮಜ್ಜಿಗೆಯ ಉಪವಾಸ ಬಿಡಿಸಿ ಎಂಟು ಗಂಟೆಗೆ ಮಿತವಾದ ಊಟ. ಮೇಷ್ಟ್ರಿಗೆ ಮೆಟ್‌ಫಾರ್ಮಿನ್ ಏರಿಸಿದ್ದರೆ ಹೆಚ್ಚು ಉಪಯೋಗವಾಗುತ್ತಿರಲಿಲ್ಲ, ಅವರ ಲಿವರ್ ತಕರಾರು ಮಾಡಿರಲಿಲ್ಲ. ಮಧ್ಯಾಹ್ನದ ಎಲೆಯನ್ನೇ ಬದಲಿಸಬೇಕಿತ್ತು.

ಮುದ್ದೆ ತಿಂದರೆ ಸಕ್ಕರೆ ಏರುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ರಾಗಿಹಿಟ್ಟಿನಲ್ಲೂ ನೂರಕ್ಕೆ 70 ಗ್ರಾಂನಷ್ಟು ಪಿಷ್ಟ ಇದ್ದೇ ಇದೆ, ಗಾತ್ರ ನೋಡಬೇಕು. ಮೇಷ್ಟ್ರು ಮುದ್ದೆಯನ್ನು ಅರ್ಧ ಮಾಡಿದರು, ಅನ್ನ ಒಂದೇ ಸಲ. ಅದಕ್ಕಿಂತ ಮುಖ್ಯವಾಗಿ ಮೊದಲು ಪಲ್ಯ, ಕೋಸಂಬರಿ, ಕಾಳು ತಿಂದು ಕೊನೆಗೆ ಮುದ್ದೆಗೆ ಕೈ ಹಾಕತೊಡಗಿದರು. ಹೀಗೆ ತಿಂದರೆ ಪಿಷ್ಟ ಹೊಟ್ಟೆಯಿಂದ ಕರುಳಿಗೆ ನಿಧಾನವಾಗಿ ಇಳಿಯುತ್ತದೆ. ಊಟದ ಮೊದಲ ತುತ್ತಿನ ಜೊತೆಗೆ ಪಿಷ್ಟ ಒಡೆಯುವುದನ್ನು ತಡಮಾಡುವ ವೋಗ್ಲಿಬೋಸ್ ಮಾತ್ರೆ, ಕೈ ತೊಳೆದ ಮೇಲೆ ಹದಿನೈದು ನಿಮಿಷ ನಡಿಗೆ. ಮಧ್ಯಾಹ್ನದ ನಿದ್ದೆ ಹೋಯಿತೆಂದು ಗೊಣಗಿದ್ದು ಬೇರೆ ಮಾತು.

ಇದಕ್ಕೆ ಉಲ್ಟಾ ನಡೆಯುವುದೂ ಉಂಟು. ಬರಿಹೊಟ್ಟೆಗೆ 150, ತಿಂದ ಮೇಲೆ 135 ಬಂದರೆ ಜನ ಲ್ಯಾಬಿನವರ ಮೇಲೆ ಹರಿಹಾಯುತ್ತಾರೆ. ಸಾಮಾನ್ಯವಾಗಿ ಲ್ಯಾಬಿನ ತಪ್ಪಿರುವುದಿಲ್ಲ. ತಿಂಡಿ ಕಡಿಮೆ ತಿಂದು, ಬೆಳಗಿನ ಮಾತ್ರೆ ನುಂಗಿ, ಮನೆಗೂ ಲ್ಯಾಬಿಗೂ ಓಡಾಡಿದರೆ ಹಾಗೆ ಬರಬಹುದು. ಎರಡರ ಬದಲು ಮೂರು ಗಂಟೆಗೆ ರಕ್ತ ಕೊಟ್ಟರೂ ಅಷ್ಟೆ. ಇನ್ನೊಂದು ಗೊಂದಲ ಬೆರಳಿನದು. ಬರಿಹೊಟ್ಟೆಯಲ್ಲಿ ಬೆರಳಿನ ರಕ್ತಕ್ಕೂ ತೋಳಿನ ನರದ ರಕ್ತಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಊಟವಾದ ಮೇಲೆ ಬೆರಳಿನದು ಒಂದಿಷ್ಟು ಹೆಚ್ಚೇ ಇರುತ್ತದೆ, ಯಾಕೆಂದರೆ ಸ್ನಾಯುಗಳು ಗ್ಲೂಕೋಸ್ ಹೀರಿಕೊಂಡ ಮೇಲೆ ಉಳಿದದ್ದು ತೋಳಿನ ನರಕ್ಕೆ ಬರುತ್ತದೆ. ಅದೂ ಅಲ್ಲದೆ ಮನೆಯ ಮಿಷನ್ ಶೇಕಡಾ 15ರಷ್ಟು ಆಚೀಚೆ ತೋರಿಸಬಹುದು. ಆದ್ದರಿಂದ 172 ಬಂದರೆ ಸಂಭ್ರಮ, 186 ಬಂದರೆ ಸೂತಕ ಬೇಡ.

ಮೂರು ತಿಂಗಳ ನಂತರ ಅಮ್ಮನವರ ಬರಿಹೊಟ್ಟೆಯದು 124ಕ್ಕೆ ಇಳಿಯಿತು, ತಿಂಡಿಯ ನಂತರದ್ದು ಹೆಚ್ಚು ಪ್ರಯಾಸವಿಲ್ಲದೆ 158. ಜಗಲಿ ಇಳಿದಿತ್ತು. ಮೇಷ್ಟ್ರ ಬರಿಹೊಟ್ಟೆಯದು ಎಷ್ಟಿತ್ತೋ ಅಷ್ಟೇ, 102. ಮಧ್ಯಾಹ್ನದ್ದು 170ಕ್ಕೆ ಬಂದು ಎಚ್‌ಬಿಎ1ಸಿ 6.8 ಆಯಿತು. ಡೈರಿಯಲ್ಲಿ ಈಗ ಎರಡು ಕಾಲಂ ಇವೆ.

ಮುಂದಿನ ಸಲ ಲ್ಯಾಬಿಗೆ ಹೋಗುವವರು ದಯವಿಟ್ಟು ಪಕ್ಕದ ಹೋಟೆಲಿನ ಎರಡು ಇಡ್ಲಿಗೆ ಹೋಗಬೇಡಿ. ದಿನಾ ತಿನ್ನುವುದನ್ನೇ ತಿನ್ನಿ, ದಿನದ ಮಾತ್ರೆ ಬಿಡಬೇಡಿ, ಮೊದಲ ತುತ್ತಿನ ಹೊತ್ತನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ.