ದೂರಿನಲ್ಲಿ ತಾರೀಖು ಇರಲಿ, ತೀರ್ಪು ಬೇಡ

ಸಹೋದ್ಯೋಗಿಯ ಮೇಲೆ ಮ್ಯಾನೇಜರಿಗೆ ದೂರು ಹೋಗುವುದು ಸಾಮಾನ್ಯವಾಗಿ ಸಿಟ್ಟು ನೆತ್ತಿಗೇರಿದ ದಿನ. ತಿಂಗಳುಗಟ್ಟಲೆ ಹಲ್ಲು ಕಚ್ಚಿಕೊಂಡು ಸಹಿಸಿದ್ದೆಲ್ಲ ಆವತ್ತು ಒಂದೇ ಉಸಿರಿನಲ್ಲಿ ಹೊರಬರುತ್ತದೆ: “ಸರ್, ಅವರದ್ದು ಯಾವಾಗಲೂ ಇದೇ ಕಥೆ. ಎಷ್ಟು ಸಲ ಹೇಳಿದರೂ ಕಿವಿಗೆ ಹಾಕಿಕೊಳ್ಳೋದಿಲ್ಲ.” ಮ್ಯಾನೇಜರು “ಆಯ್ತು, ನಾನು ಮಾತಾಡ್ತೀನಿ” ಎನ್ನುತ್ತಾರೆ. ಆ ಕಡೆಯವರನ್ನು ಕರೆದು ಕೇಳಿದರೆ ಅವರದ್ದೂ ಅಷ್ಟೇ ಉದ್ದದ ದೂರು. ಕೊನೆಗೆ ಇಬ್ಬರಿಗೂ “ಹೊಂದಿಕೊಂಡು ಹೋಗಿ” ಎಂಬ ಬುದ್ಧಿವಾದ ಸಿಗುತ್ತದೆ. ಮುಂದಿನ ತಿಂಗಳು ಕೆಲಸ ಮತ್ತೆ ತಡ.

ಇಲ್ಲಿ ಮ್ಯಾನೇಜರನ್ನು ಪೂರ್ತಿ ದೂರುವ ಹಾಗಿಲ್ಲ. ಅವರ ಮುಂದೆ ಬಂದದ್ದು ಇಬ್ಬರ ಅಭಿಪ್ರಾಯ. ಅಭಿಪ್ರಾಯಗಳ ನಡುವೆ ರಾಜಿ ಮಾಡಿಸಬಹುದೇ ಹೊರತು ಕ್ರಮ ಕೈಗೊಳ್ಳಲು ಬರುವುದಿಲ್ಲ. ಕ್ರಮಕ್ಕೆ ಬೇಕಾದದ್ದು ಏನು ಎಂಬುದನ್ನು ಒಂದು ಉದಾಹರಣೆಯ ಮೂಲಕ ನೋಡೋಣ. ಕಂಪನಿ ಕಲ್ಪಿತ, ತಾಪತ್ರಯ ಮಾತ್ರ ಅಕೌಂಟ್ಸ್‌ನಲ್ಲಿ ಕೂತ ಯಾರಿಗೂ ಹೊಸದಲ್ಲ.

ಹನ್ನೊಂದನೇ ತಾರೀಖಿನ ಕುತ್ತು

ಪೀಣ್ಯದಲ್ಲಿ ಆಫೀಸು, ದಾಬಸ್‌ಪೇಟೆಯಲ್ಲಿ ಗೋದಾಮು ಇರುವ ಒಂದು ಸಣ್ಣ ಕಂಪನಿ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ದಾಟಿಲ್ಲವಾದ್ದರಿಂದ ಇ-ಇನ್‌ವಾಯ್ಸ್ ಕಡ್ಡಾಯವಲ್ಲ. ಮಾಲು ಹೊರಡುವಾಗ ಗೋದಾಮಿನಲ್ಲೇ ಬಿಲ್ ಹರಿಯುತ್ತಾರೆ, ಪ್ರತಿ ಆಫೀಸಿಗೆ ಬರುತ್ತದೆ. ಪ್ರತಿ ತಿಂಗಳೂ ಸಲ್ಲಿಸುವವರು ಹಿಂದಿನ ತಿಂಗಳ ಮಾರಾಟದ ವಿವರವನ್ನು, ಅಂದರೆ ಜಿಎಸ್‌ಟಿಆರ್-1 ಅನ್ನು, 11ನೇ ತಾರೀಖಿನೊಳಗೆ ಹಾಕಬೇಕು. ಹಾಗೆ ಹಾಕಿದ ಬಿಲ್‌ಗಳು 14ರಂದು ತಯಾರಾಗುವ ಖರೀದಿದಾರರ 2ಬಿ ಪಟ್ಟಿಯಲ್ಲಿ ಕಾಣುತ್ತವೆ. ಆಗಷ್ಟೇ ಅವರಿಗೆ ಆ ತೆರಿಗೆಯ ಕ್ರೆಡಿಟ್ ಸಿಗುವುದು. 12ಕ್ಕೆ ಬಂದ ಬಿಲ್‌ನ ತೆರಿಗೆಯನ್ನು 20ರೊಳಗೆ ಕಟ್ಟಬಹುದು, ಅದಕ್ಕೇನೂ ತೊಂದರೆ ಇಲ್ಲ. ಆದರೆ ಖರೀದಿದಾರರ ಪಟ್ಟಿಯಲ್ಲಿ ಅದು ಕಾಣಲು ಇನ್ನೊಂದು ತಿಂಗಳು ಕಾಯಬೇಕು. ಅಲ್ಲಿಯವರೆಗೆ ಬಿಲ್‌ನ ಜಿಎಸ್‌ಟಿ ಭಾಗವನ್ನು ಕೊಡದೆ ತಡೆಹಿಡಿಯುವ ಗ್ರಾಹಕರು ಬೇಕಾದಷ್ಟು ಮಂದಿ ಇದ್ದಾರೆ.

ಅಕೌಂಟ್ಸ್‌ನಲ್ಲಿರುವ ಮಹಿಳೆಗೆ ಗೋದಾಮಿನ ಬಿಲ್‌ಗಳು ತಡವಾಗಿ ಬರುತ್ತಿವೆ. ಕಳಿಸಬೇಕಾದವರು ಅಲ್ಲಿನ ಡಿಸ್ಪ್ಯಾಚ್ ಇನ್‌ಚಾರ್ಜ್. ಅವರು ಸಮಾನ ಹುದ್ದೆಯವರು, ವಯಸ್ಸಿನಲ್ಲಿ ದೊಡ್ಡವರು. ಇಬ್ಬರ ಮೇಲೂ ಒಬ್ಬರೇ ಮ್ಯಾನೇಜರು.

ಮೊದಲು ಗಡುವು ಇತ್ತೇ?

ದೂರು ಬರೆಯುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಯಾವ ದಿನದೊಳಗೆ ಕೊಡಬೇಕು ಎಂದು ಇಬ್ಬರೂ ಒಪ್ಪಿಕೊಂಡಿದ್ದರೇ? “ಬೇಗ ಕಳಿಸಿ”, “ಆದಷ್ಟು ಬೇಗ” ಎಂದು ಹೇಳಿದ್ದರೆ ಅದು ಗಡುವಲ್ಲ. ಗಡುವೇ ಇಲ್ಲದ ಮೇಲೆ ತಡ ಎನ್ನುವುದೂ ಇಲ್ಲ. ಇಂಥ ದೂರುಗಳಲ್ಲಿ ಹೆಚ್ಚಿನವು ಬಿದ್ದುಹೋಗುವುದು ಇಲ್ಲೇ. “ನನಗೆ 5ನೇ ತಾರೀಖು ಅಂತ ಯಾರು ಹೇಳಿದ್ರು?” ಎಂಬ ಒಂದೇ ಮಾತಿಗೆ ನಾಲ್ಕು ತಿಂಗಳ ಸಂಕಟ ಮಣ್ಣುಪಾಲಾಗುತ್ತದೆ. ಗಡುವು ಇಲ್ಲದಿದ್ದರೆ ಮೊದಲು ಅದನ್ನು ಗೊತ್ತುಮಾಡಿಕೊಂಡು, ಒಂದು ಸಾಲಿನ ಮೆಸೇಜಿನಲ್ಲಿ ದಾಖಲಿಸಿ, ಅಲ್ಲಿಂದ ಎಣಿಕೆ ಶುರುಮಾಡಬೇಕು. ನಮ್ಮ ಉದಾಹರಣೆಯಲ್ಲಿ ಜೂನ್ 20ರ ಸಭೆಯಲ್ಲಿ 5ನೇ ತಾರೀಖು ಎಂದು ತೀರ್ಮಾನವಾಗಿತ್ತು. ಆವತ್ತೇ ಸಂಜೆ ಆಕೆ ಅದನ್ನು ಮೇಲ್‌ನಲ್ಲಿ ಇಬ್ಬರಿಗೂ ಕಳಿಸಿದ್ದರು.

ನಂತರ ಆಕೆ ಒಂದು ಎಕ್ಸೆಲ್ ಶೀಟ್ ಇಟ್ಟರು. ಅದರಲ್ಲಿದ್ದದ್ದು ನಾಲ್ಕೇ ಕಾಲಂ: ಬರಬೇಕಾದ ದಿನ, ಬಂದ ದಿನ, ಅದರಿಂದ ಆದದ್ದು, ಆ ಕಡೆಯವರು ಹೇಳಿದ ಕಾರಣ. ಜುಲೈನಲ್ಲಿ ಬಿಲ್ ಬಂದದ್ದು 8ಕ್ಕೆ, ಆಗಸ್ಟ್‌ನಲ್ಲಿ 10ರ ಸಂಜೆ, ಸೆಪ್ಟೆಂಬರ್‌ನಲ್ಲಿ 4ಕ್ಕೆ. ಅಕ್ಟೋಬರ್‌ನಲ್ಲಿ 42 ಬಿಲ್‌ಗಳ ಪೈಕಿ 36 ಬಂದದ್ದು 9ಕ್ಕೆ, ಉಳಿದ 6 ಬಂದದ್ದು 12ಕ್ಕೆ.

ಸೆಪ್ಟೆಂಬರ್‌ನ ಸಾಲನ್ನು ಗಮನಿಸಿ. ಆ ತಿಂಗಳು ಬಿಲ್ ಗಡುವಿಗೂ ಒಂದು ದಿನ ಮೊದಲೇ ಬಂದಿತ್ತು. ಅದನ್ನು ಬಿಟ್ಟು ತಡವಾದದ್ದನ್ನಷ್ಟೇ ಬರೆದಿದ್ದರೆ ಸಭೆಯಲ್ಲಿ ಎದುರಿನವರ ಮೊದಲ ಬಾಣ ಅದೇ ಆಗುತ್ತಿತ್ತು: “ಸೆಪ್ಟೆಂಬರ್‌ದು ಯಾಕೆ ಬರೆದಿಲ್ಲ?” ಒಂದು ಸಾಲು ಬಿಟ್ಟದ್ದು ಗೊತ್ತಾದರೆ ಉಳಿದ ಮೂರನ್ನೂ ಯಾರೂ ನಂಬುವುದಿಲ್ಲ. ದಾಖಲೆ ಬರೆಯುವುದೂ ಆಯಾ ದಿನವೇ ಆಗಬೇಕು. ಅಕ್ಟೋಬರ್‌ನಲ್ಲಿ ಕೂತು ಜುಲೈ ನೆನಪಿಸಿಕೊಂಡರೆ ಮೂರು ದಿನದ ತಡ ವಾರದ ತಡವಾಗಿ ನೆನಪಾಗುತ್ತದೆ.

ನೇರ ಮಾತು ಮೊದಲು

ಮ್ಯಾನೇಜರ ಬಳಿ ಹೋಗುವ ಮುನ್ನ ಆ ವ್ಯಕ್ತಿಯ ಜೊತೆಯೇ ಒಮ್ಮೆಯಾದರೂ ಮಾತಾಡಿರಬೇಕು. ಮ್ಯಾನೇಜರ ಮೊದಲ ಪ್ರಶ್ನೆ ಹೇಗೂ “ಅವರ ಹತ್ತಿರ ಮಾತಾಡಿದಿರಾ?” ಎಂಬುದೇ. ಆಕೆ ಆಗಸ್ಟ್ 11ಕ್ಕೆ ಒಮ್ಮೆ, ಅಕ್ಟೋಬರ್ 13ಕ್ಕೆ ಒಮ್ಮೆ ಫೋನ್ ಮಾಡಿದ್ದರು. “ಲೋಡಿಂಗ್ ಜಾಸ್ತಿ ಇತ್ತು ಮೇಡಂ” ಎಂದು ಅವರು ಹೇಳಿದ್ದನ್ನು ಹಾಗೇ ಶೀಟ್‌ನಲ್ಲಿ ಬರೆದುಕೊಂಡರು. ಎರಡನೇ ಸಲ, “ಹಾಗಾದರೆ ನಾನು ಮ್ಯಾನೇಜರ ಹತ್ತಿರ ಈ ವಿಷಯ ಇಡ್ತೀನಿ ಸರ್, ಮೂವರೂ ಕೂತು ಮಾತಾಡೋಣ” ಎಂದು ಮುಂಚಿತವಾಗಿಯೇ ತಿಳಿಸಿದರು. ಇದು ಬೆದರಿಕೆಯೂ ಅಲ್ಲ, ಔದಾರ್ಯವೂ ಅಲ್ಲ. ಬೆನ್ನ ಹಿಂದೆ ಚಾಡಿ ಹೇಳಿದರು ಎಂಬ ಮಾತಿಗೆ ಎಡೆಯಿಲ್ಲದ ಹಾಗೆ ಮಾಡುವುದು, ಅಷ್ಟೇ.

ಎರಡು ಪತ್ರ

ಸಿಟ್ಟಿನಲ್ಲಿ ಬರೆದ ಮೊದಲ ಕರಡು ಹೀಗಿತ್ತು:

“ಸರ್, ಗೋದಾಮಿನವರು ಬೇಕಂತಲೇ ಬಿಲ್ ತಡ ಮಾಡುತ್ತಿದ್ದಾರೆ. ಪ್ರತಿ ತಿಂಗಳೂ ಇದೇ ಗೋಳು. ಅವರಿಗೆ ಜವಾಬ್ದಾರಿಯೇ ಇಲ್ಲ. ಕಸ್ಟಮರ್ ಹತ್ತಿರ ಬೈಸಿಕೊಳ್ಳುವುದು ಮಾತ್ರ ನಾನು.”

ಇದನ್ನು ಒಂದು ಪರೀಕ್ಷೆಗೆ ಒಡ್ಡಿ ನೋಡಿ. ಆ ಇನ್‌ಚಾರ್ಜ್ ಪಕ್ಕದಲ್ಲೇ ನಿಂತು ಓದಿದರೆ ಯಾವ ವಾಕ್ಯಕ್ಕೆ “ಇದು ಸುಳ್ಳು” ಎನ್ನಬಹುದು? “ಬೇಕಂತಲೇ” ಎಂಬುದು ಅವರ ಮನಸ್ಸಿನ ಮೇಲಿನ ಊಹೆ. “ಪ್ರತಿ ತಿಂಗಳೂ” ಎಂಬುದು ಶೀಟ್ ಪ್ರಕಾರವೇ ತಪ್ಪು. “ಜವಾಬ್ದಾರಿಯೇ ಇಲ್ಲ” ಎಂಬುದು ತೀರ್ಪು. ಪತ್ರದಲ್ಲಿ ಒಂದೇ ಒಂದು ತಾರೀಖು ಇಲ್ಲ, ಬೇಕಾದದ್ದು ಏನು ಎಂದೂ ಇಲ್ಲ. ಒಂದು ರಾತ್ರಿ ಬಿಟ್ಟು ಆಕೆ ಬರೆದ ಪತ್ರ ಇದು:

“ವಿಷಯ: ದಾಬಸ್‌ಪೇಟೆ ಬಿಲ್‌ಗಳು ತಡವಾಗಿ ಬರುತ್ತಿರುವ ಬಗ್ಗೆ

ಸರ್,

ಹಿಂದಿನ ತಿಂಗಳ ಬಿಲ್‌ಗಳು ಪ್ರತಿ ತಿಂಗಳು 5ರೊಳಗೆ ಅಕೌಂಟ್ಸ್‌ಗೆ ಬರಬೇಕೆಂದು ಜೂನ್ 20ರ ಸಭೆಯಲ್ಲಿ ತೀರ್ಮಾನವಾಗಿತ್ತು. ಆನಂತರ ಅವು ಬಂದ ದಿನಗಳು: ಜುಲೈ 8, ಆಗಸ್ಟ್ 10, ಸೆಪ್ಟೆಂಬರ್ 4, ಅಕ್ಟೋಬರ್ 9 (36 ಬಿಲ್) ಮತ್ತು 12 (6 ಬಿಲ್).

12ಕ್ಕೆ ಬಂದ 6 ಬಿಲ್‌ಗಳು 11ರಂದು ಹಾಕಿದ ಜಿಎಸ್‌ಟಿಆರ್-1ರಲ್ಲಿ ಸೇರಿಲ್ಲ. ಅವುಗಳಲ್ಲಿ ಒಂದು 4 ಲಕ್ಷ ರೂ. ಬಿಲ್‌ನ ತೆರಿಗೆ 72,000 ರೂ.ಗಳನ್ನು ಗ್ರಾಹಕರು ತಡೆಹಿಡಿದಿದ್ದಾರೆ.

ಆಗಸ್ಟ್ 11 ಮತ್ತು ಅಕ್ಟೋಬರ್ 13ರಂದು ಡಿಸ್ಪ್ಯಾಚ್ ಇನ್‌ಚಾರ್ಜ್ ಅವರೊಂದಿಗೆ ಮಾತಾಡಿದ್ದೇನೆ. ಲೋಡಿಂಗ್ ಹೆಚ್ಚಿತ್ತೆಂದು ಅವರು ತಿಳಿಸಿದರು. ನವೆಂಬರ್ 5ರೊಳಗೆ ಬಿಲ್ ಸಿಗುವಂತೆ ಏನು ಮಾಡಬಹುದೆಂದು ತಮ್ಮೊಂದಿಗೆ ನಾವಿಬ್ಬರೂ ಹದಿನೈದು ನಿಮಿಷ ಮಾತಾಡಲು ಈ ವಾರ ಸಮಯ ಕೊಡಬೇಕೆಂದು ಕೋರುತ್ತೇನೆ. ಶೀಟ್ ಲಗತ್ತಿಸಿದ್ದೇನೆ. ಈ ವಿಷಯ ತಮಗೆ ತಿಳಿಸುವುದಾಗಿ ಅವರಿಗೂ ಹೇಳಿದ್ದೇನೆ.”

ಮೊದಲ ಎರಡು ಪ್ಯಾರಾಗಳಲ್ಲಿ ತಡದ ಮಾತು ಬಂದ ಕಡೆ ಕರ್ತೃ ಮನುಷ್ಯನಲ್ಲ, ಬಿಲ್. “ಅವರು ಕಳಿಸಲಿಲ್ಲ” ಎಂದಿಲ್ಲ, “12ಕ್ಕೆ ಬಂದವು” ಎಂದಿದೆ. 72,000 ರೂಪಾಯಿಯ ಸಾಲಿಗೆ “ದೊಡ್ಡ ನಷ್ಟ” ಎಂಬ ವಿಶೇಷಣ ಅಂಟಿಸಿಲ್ಲ. ಅದು ನಷ್ಟವಲ್ಲ, ಒಂದು ತಿಂಗಳು ತಡೆದ ಹಣ. ಹೆಚ್ಚು ಮಾಡಿ ಹೇಳಿದ್ದರೆ ಆ ಒಂದು ಪದದಿಂದಲೇ ಇಡೀ ಪತ್ರ ಸಡಿಲವಾಗುತ್ತಿತ್ತು. ಕೇಳಿಕೆಯೂ ಸಣ್ಣದು: ಶಿಕ್ಷೆಯಲ್ಲ, ಹದಿನೈದು ನಿಮಿಷ.

ಎಲ್ಲಕ್ಕಿಂತ ಮುಖ್ಯವಾಗಿ, ತಡ ಏಕಾಗುತ್ತಿದೆ ಎಂದು ಆಕೆ ತಾವೇ ನಿರ್ಧರಿಸಿಲ್ಲ. ಎದುರಿನವರು ಹೇಳಿದ ಕಾರಣವನ್ನು ಅವರ ಮಾತಾಗಿಯೇ ಇಟ್ಟು, ಉಳಿದದ್ದನ್ನು ತೆರೆದಿಟ್ಟಿದ್ದಾರೆ. ದೂರಿನಲ್ಲೇ ಕಾರಣ ಬರೆದುಬಿಟ್ಟರೆ ಚರ್ಚೆಯೆಲ್ಲ ಆ ಕಾರಣದ ಮೇಲೆ ಹೋಗುತ್ತದೆ. “ನಾನು ಬೇಜವಾಬ್ದಾರಿಯವನಾ?” ಎಂದು ಅವರು, “ಹಾಗಲ್ಲ ನಾನು ಹೇಳಿದ್ದು” ಎಂದು ಇವರು. ಬಿಲ್‌ನ ಮಾತು ಅಲ್ಲಿಗೆ ಮುಗಿಯಿತು.

ಸಭೆಯಲ್ಲಿ ಹೊರಬಂದದ್ದು

ನಮ್ಮ ಉದಾಹರಣೆಯ ಸಭೆಯಲ್ಲಿ ಮ್ಯಾನೇಜರು ಕೇಳಿದ್ದು ಒಂದೇ: “ಸೆಪ್ಟೆಂಬರ್‌ನಲ್ಲಿ 4ಕ್ಕೇ ಹೇಗೆ ಬಂತು?” ಉತ್ತರ ಯಾರೂ ಎಣಿಸದ ಕಡೆಯಿಂದ ಬಂತು. ಇನ್‌ಚಾರ್ಜ್ ಕಾಯುತ್ತಿದ್ದದ್ದು ಗ್ರಾಹಕರ ಗೇಟಿನಲ್ಲಿ ಸೀಲು ಬಿದ್ದ ಪ್ರತಿಗೆ. ಅದು ಲಾರಿ ಡ್ರೈವರ್ ಕೈಯಲ್ಲಿ ವಾಪಸು ಬಂದ ಮೇಲೆ ಎಲ್ಲವನ್ನೂ ಒಟ್ಟಿಗೆ ಕಳಿಸುತ್ತಿದ್ದರು. ಆಗಸ್ಟ್‌ನಲ್ಲಿ ಮಾಲು ಹೋದದ್ದೆಲ್ಲ ಬೆಂಗಳೂರಿನೊಳಗೆ, ಪ್ರತಿಗಳು ಬೇಗ ಮರಳಿದವು. ಉಳಿದ ತಿಂಗಳು ಹೊಸೂರು, ಕೊಯಮತ್ತೂರು. ರಿಟರ್ನ್ ಹಾಕಲು ಸೀಲಿನ ಪ್ರತಿ ಬೇಕಿಲ್ಲ, ಬಿಲ್ ಪುಸ್ತಕದಲ್ಲಿ ಉಳಿದ ಪ್ರತಿಯೇ ಸಾಕು ಎಂಬುದು ಅವರಿಗೆ ಗೊತ್ತಿರಲಿಲ್ಲ. ಕಾಯುತ್ತಿರುವುದು ಸೀಲಿಗೆ ಎಂಬುದು ಆಕೆಗೆ ಗೊತ್ತಿರಲಿಲ್ಲ. ಪ್ರತಿ ಶನಿವಾರ ಉಳಿಕೆ ಪ್ರತಿಯ ಫೋಟೊ ಕಳಿಸುವುದು, ಸೀಲಿನ ಪ್ರತಿ ಬಂದಾಗ ಬರಲಿ ಎಂದು ತೀರ್ಮಾನವಾಯಿತು. ಗಡುವಿಗೆ ಮೊದಲೇ ಬಂದ ತಿಂಗಳನ್ನು ಶೀಟ್‌ನಲ್ಲಿ ಬಿಟ್ಟಿದ್ದರೆ ಆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಎಲ್ಲ ತಡದ ಹಿಂದೆಯೂ ಇಂಥ ಸೀಲಿನ ಕಥೆ ಇರುವುದಿಲ್ಲ. ಕೆಲವೊಮ್ಮೆ ಅದು ಬರೀ ಉದಾಸೀನ. ಕೆಲವೊಮ್ಮೆ ಮ್ಯಾನೇಜರೇ ಆ ಕಡೆಗೆ ಬೇರೆ ಕೆಲಸ ಹೇರಿರುತ್ತಾರೆ. ಆಗ ತಾರೀಖುಗಳು ಅವರಿಗೂ ಕನ್ನಡಿ ಹಿಡಿಯುತ್ತವೆ, ಅದನ್ನು ಅವರು ಇಷ್ಟಪಡದೆಯೂ ಇರಬಹುದು. ಮಾಲೀಕರ ನೆಂಟರೇ ತಡ ಮಾಡುವ ಕಡೆ ಯಾವ ಶೀಟೂ ಹೆಚ್ಚು ದೂರ ಓಡುವುದಿಲ್ಲ. ಹಣದ ಅವ್ಯವಹಾರವೋ ಕಿರುಕುಳವೋ ಆಗಿದ್ದರೆ ಈ ದಾರಿ ಹಿಡಿಯಬಾರದು. ಎದುರಿನವರಿಗೆ ಮುಂಚಿತವಾಗಿ ತಿಳಿಸುವುದು ಅಲ್ಲಿ ಅಪಾಯಕಾರಿ. ಅದಕ್ಕೆ ಎಚ್‌ಆರ್ ಅಥವಾ ಆಂತರಿಕ ದೂರು ಸಮಿತಿಯ ಪ್ರತ್ಯೇಕ ಕ್ರಮ ಇದೆ.

ಸಭೆಯ ತೀರ್ಮಾನವನ್ನು ಆವತ್ತೇ ಎರಡು ಸಾಲಿನ ಮೇಲ್ ಮಾಡಿ ಮೂವರಿಗೂ ಕಳಿಸಬೇಕು: ಏನು, ಯಾರು, ಯಾವ ದಿನದಿಂದ. ಶೀಟ್ ಇನ್ನೂ ಎರಡು ಮೂರು ತಿಂಗಳು ಮುಂದುವರಿಯಲಿ. ಬಿಲ್‌ಗಳು ಸರಿಯಾಗಿ ಬಂದರೆ ಅದನ್ನೂ ಮ್ಯಾನೇಜರಿಗೆ ಒಂದು ಸಾಲಿನಲ್ಲಿ ತಿಳಿಸಿ ಶೀಟ್ ಮುಚ್ಚಬಹುದು. ಮತ್ತೆ ತಡವಾದರೆ ಎರಡನೇ ಪತ್ರಕ್ಕೆ ಹೊಸ ಮಾತು ಹುಡುಕಬೇಕಿಲ್ಲ. ಹಳೆಯ ಮೇಲ್‌ನ ಕೆಳಗೆ ಒಪ್ಪಿದ ದಿನ, ಬಂದ ದಿನ ಬರೆದರೆ ಸಾಕು. ಆ ಹೊತ್ತಿಗೆ ಪ್ರಶ್ನೆ ಇಬ್ಬರು ಸಹೋದ್ಯೋಗಿಗಳ ನಡುವಿನದಾಗಿ ಉಳಿದಿರುವುದಿಲ್ಲ. ಮ್ಯಾನೇಜರು ತಾವೇ ಕೂತು ಮಾಡಿದ ತೀರ್ಮಾನ ಪಾಲನೆಯಾಗಿಲ್ಲ ಎಂಬುದಾಗಿರುತ್ತದೆ, ಅದಕ್ಕೆ ಉತ್ತರ ಹುಡುಕುವ ಹೊಣೆಯೂ ಅವರದೇ.