ಹಾಜರಿ ಪಟ್ಟಿಯಲ್ಲಿ ಪಾಳಿ ಗುರುತಿಸುವ ಬಗೆ

ಮೂರು ಪಾಳಿಯ ಕಾರ್ಖಾನೆ. ಬೆಳಿಗ್ಗೆ 6ರಿಂದ ಮಧ್ಯಾಹ್ನ 2, 2ರಿಂದ ರಾತ್ರಿ 10, 10ರಿಂದ ಮರುದಿನ ಬೆಳಿಗ್ಗೆ 6. ಗೇಟಿನ ಬಯೋಮೆಟ್ರಿಕ್ ಯಂತ್ರ ಕೊಡುವ ಎಕ್ಸೆಲ್ ಹಾಳೆಯ ಒಂದೊಂದು ಕೋಶದಲ್ಲೂ ದಿನಾಂಕ, ಸಮಯ ಒಟ್ಟಿಗೇ ಇರುತ್ತವೆ. ಯಾರು ಯಾವ ಪಾಳಿಗೆ ಬಂದರು ಎಂದು ತಿಳಿಯಲು ಬೇಕಾದದ್ದು ಸಮಯ ಮಾತ್ರ.

ಎಕ್ಸೆಲ್ ದಿನಾಂಕವನ್ನು ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. 2024ರ ಜುಲೈ 15ರ ಸಂಜೆ 6 ಗಂಟೆ ಅದರ ಪಾಲಿಗೆ 45488.75. ಬಿಂದುವಿನ ಎಡಕ್ಕಿರುವುದು ದಿನ, ಬಲಕ್ಕಿರುವುದು ದಿನದಲ್ಲಿ ಕಳೆದ ಪಾಲು. ಸಂಜೆ 6ಕ್ಕೆ ಮುಕ್ಕಾಲು ದಿನ ಮುಗಿದಿರುತ್ತದಲ್ಲ, ಅದೇ ಆ.75. ಕೋಶದಲ್ಲಿ ಸಮಯವಷ್ಟೇ ಕಾಣುವಂತೆ ಫಾರ್ಮ್ಯಾಟ್ ಬದಲಿಸಿದರೂ 45488 ಒಳಗೇ ಉಳಿಯುತ್ತದೆ. ಬಹಳ ಜನ ಎಡವುವುದು ಇಲ್ಲೇ. `A2<TIME(14,0,0)` ಎಂದು ನೇರವಾಗಿ ಹೋಲಿಸುತ್ತಾರೆ. ಮಧ್ಯಾಹ್ನ 2 ಗಂಟೆ ಎಂದರೆ ಸುಮಾರು 0.58, ನಲವತ್ತೈದು ಸಾವಿರ ಅದಕ್ಕಿಂತ ಚಿಕ್ಕದಾಗುವುದು ಎಂದಿಗೂ ಇಲ್ಲ. ಷರತ್ತುಗಳೆಲ್ಲ ಸುಳ್ಳಾಗಿ ಇಡೀ ಹಾಳೆಗೆ ಕೊನೆಯ ಉತ್ತರವೇ ಬರುತ್ತದೆ. ಎಲ್ಲ ಸಾಲುಗಳಲ್ಲೂ ಒಂದೇ ಪಾಳಿ ಕಂಡರೆ ಕಾರಣ ಇದೇ ಇರಬಹುದು.

ಗಂಟೆಯನ್ನಷ್ಟೇ ಹೆಕ್ಕಿ ತೆಗೆದರೆ ದಾರಿ ಸುಲಭ:

```
=IF(A2="","",IF(HOUR(A2)<6,"ರಾತ್ರಿ",
IF(HOUR(A2)<14,"ಬೆಳಿಗ್ಗೆ",
IF(HOUR(A2)<22,"ಮಧ್ಯಾಹ್ನ","ರಾತ್ರಿ"))))
```

ರಾತ್ರಿ ಎರಡು ಕಡೆ ಬಂದಿರುವುದಕ್ಕೆ ಕಾರಣವಿದೆ. ನಡುರಾತ್ರಿಗೆ ಗಂಟೆ ಮತ್ತೆ ಸೊನ್ನೆಯಾಗುವುದರಿಂದ ಆ ಪಾಳಿ ಎರಡು ತುಂಡಾಗುತ್ತದೆ. ಮೊದಲಿನ `A2=""` ಕೂಡ ಬೇಕೇಬೇಕು. ಅದಿಲ್ಲದಿದ್ದರೆ ಖಾಲಿ ಕೋಶ ಸೊನ್ನೆಯಾಗಿ, ಬಾರದವರೂ ರಾತ್ರಿ ಪಾಳಿಗೆ ಸೇರಿಬಿಡುತ್ತಾರೆ. `#VALUE!` ಬಂದ ಕಡೆ ಎಕ್ಸೆಲ್ ಆ ಕೋಶವನ್ನು ಸಮಯವೆಂದು ಓದಲಾಗದೆ ಬರೀ ಅಕ್ಷರವಾಗಿ ಇಟ್ಟುಕೊಂಡಿದೆ ಎಂದು ತಿಳಿಯಬೇಕು. `ISNUMBER(A2)` ಅಲ್ಲಿ `FALSE` ತೋರಿಸುತ್ತದೆ.

ಸೂತ್ರ ಸರಿಯಿದ್ದೂ ಲೆಕ್ಕ ತಪ್ಪುವ ಸಂದರ್ಭವೇ ಹೆಚ್ಚು ಗಮನ ಬೇಡುವುದು. ಬೆಳಗಿನ ಪಾಳಿಯವರು 5:50ಕ್ಕೇ ಬಂದು ಬೆರಳೊತ್ತುತ್ತಾರೆ. ಗಡಿಯಾರದ ಪ್ರಕಾರ ಅದು ರಾತ್ರಿ. ಸೂತ್ರದ ಮೂರೂ ಕಡೆ `HOUR(A2+TIME(0,30,0))` ಎಂದು ಬರೆದರೆ ಅರ್ಧ ಗಂಟೆ ಮೊದಲು ಬಂದವರು ತಮ್ಮ ಪಾಳಿಗೇ ಸೇರುತ್ತಾರೆ. ಇದು ಒಳಬಂದ ಸಮಯಕ್ಕೆ ಮಾತ್ರ. ಹೊರಹೋದ ಸಮಯಕ್ಕೂ ಹಚ್ಚಿದರೆ 1:45ಕ್ಕೆ ಹೊರಟ ಬೆಳಗಿನ ಪಾಳಿಯವರು ಮಧ್ಯಾಹ್ನದವರಾಗುತ್ತಾರೆ.

ಪಾಳಿ ಯಾವ ದಿನದ್ದು ಎಂಬುದನ್ನು ಸಮಯವೊಂದರಿಂದ ಹೇಳಲಾಗದು. ತಡವಾಗಿ 16ರ ನಸುಕಿನ 1 ಗಂಟೆಗೆ ಒಳಬಂದವರು ದುಡಿದದ್ದು 15ರ ರಾತ್ರಿ ಪಾಳಿಯಲ್ಲಿ. ರಾತ್ರಿ ಭತ್ಯೆ ಲೆಕ್ಕ ಹಾಕುವವರು ಇಂಥ ಸಾಲುಗಳ ದಿನಾಂಕದಿಂದ ಒಂದು ದಿನ ಕಳೆದೇ ಮುಂದುವರಿಯಬೇಕು.